ಐವತ್ತೊಂದನೆಯದು

ರಾತ್ರಿ ಒಂಬತ್ತೂಕಾಲು. ಹಿಂದಿನ ರಾತ್ರಿ ಹೊರಟ ಲಾರಿಯಲ್ಲಿ ನೂರ ಎಂಬತ್ತು ಪಾರ್ಸಲ್ ಇದ್ದವು. ಲಾರಿ ತಲುಪಿದ ಊರಿನ ಕಚೇರಿಯವರು ನೂರ ಎಪ್ಪತ್ತೇಳು ಬಂದಿವೆ ಅಂದರು. ಲಾರಿ ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ, ಬಾಗಿಲಿನ ಸೀಲ್ ಒಡೆದಿರಲಿಲ್ಲ. ಎರಡು ವಾರದಿಂದ ಹೀಗೇ ಆಗುತ್ತಿತ್ತು: ಒಂದು ದಿನ ಮೂರು, ಒಂದು ದಿನ ಎರಡು, ಕೆಲವು ದಿನ ಏನೂ ಇಲ್ಲ. ಗೋದಾಮಿನ ಮ್ಯಾನೇಜರ್ ಮೇಲಿನ ಮಹಡಿಗೆ ಬಂದಾಗ ಪ್ರೋಗ್ರಾಂ ಬರೆಯುವವರ ಸಾಲಿನಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಅವರ ಹಿಂದೆ ಕಾವಲಿನ ಮುಖ್ಯಸ್ಥ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

“ಸಾಫ್ಟ್‌ವೇರಲ್ಲಿ ಏನಾದ್ರೂ ತೊಂದರೆ ಇರಬಹುದಾ?” ಮ್ಯಾನೇಜರ್ ಕೇಳಿದರು.

ಅವಳು ಪರದೆ ನೋಡಿದಳು. “ಟೆಸ್ಟ್ ಎಲ್ಲಾ ಹಸಿರಿದೆ ಸರ್.”

“ಹಸಿರು ಅಂದ್ರೆ?”

“ಸರಿಯಿದೆ ಅಂತ.”

ಮ್ಯಾನೇಜರ್ ಹಿಂದೆ ತಿರುಗಿ ನೋಡಿದರು. ಕಾವಲಿನ ಮುಖ್ಯಸ್ಥ ಮೆಟ್ಟಿಲಿಳಿದು ಹೋದ. ಅವನು ಎಲ್ಲಿಗೆ ಹೋದ ಎಂಬುದು ಅವಳಿಗೆ ಆಗಲೇ ಗೊತ್ತಾಗಿರಬೇಕು, ಏಕೆಂದರೆ ಕಿಟಕಿಯ ಹತ್ತಿರ ಹೋಗಿ ಕೆಳಗಿನ ಅಂಗಳವನ್ನು ನೋಡಬೇಕೆನ್ನಿಸಿದರೂ ಅವಳು ಎದ್ದು ಹೋಗಲಿಲ್ಲ. “ಆದ್ರೂ ಒಂದ್ಸಲ ಪೂರ್ತಿ ನೋಡಿಬಿಡಮ್ಮ,” ಅಂದರು ಮ್ಯಾನೇಜರ್. “ಬೆಳಿಗ್ಗೆ ಎಂಟಕ್ಕೆ ಅವನನ್ನ ಪೊಲೀಸರಿಗೆ ಕೊಡ್ತೀವಿ. ಕೊಟ್ಟಮೇಲೆ ನಿಮ್ಮ ಕಡೆಯಿಂದ ಇನ್ನೊಂದು ಮಾತು ಬರಬಾರದು.”

ಅವನು ಅಂದರೆ ಉದ್ದಣ್ಣ. ರಾತ್ರಿ ಪಾಳಿಯಲ್ಲಿ ಲಾರಿ ತುಂಬುವವನು. ಗೋದಾಮಿನಲ್ಲೇ ಗಿಡ್ಡ ಆಳು, ಅದಕ್ಕೇ ಆ ಹೆಸರು. ಪ್ರತಿ ಪಾರ್ಸಲ್‌ನ ಚೀಟಿಗೆ ಸ್ಕ್ಯಾನರ್ ಹಿಡಿದು, ಅದು ಕೀಂ ಅಂದಮೇಲೆ ಒಳಗೆ ಎಸೆಯುವವನು ಅವನೇ. ಹಾಗಾಗಿ ಕೀಂ ಅಂದದ್ದಕ್ಕೂ ಸೀಲ್ ಬಿದ್ದದ್ದಕ್ಕೂ ನಡುವೆ ಇದ್ದವನು ಅವನೊಬ್ಬನೇ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಅದನ್ನು ತನ್ನೊಳಗೇ ಎರಡು ಸಲ ಹೇಳಿಕೊಂಡಳು, ಮೊದಲ ಸಲ ಸಮಾಧಾನವಾಗಲಿಲ್ಲವೆಂದು. ಎರಡು ವಾರದ ಹಿಂದೆ ಇದೇ ಉದ್ದಣ್ಣ ಮೆಟ್ಟಿಲ ಬುಡದಲ್ಲಿ ಅವಳನ್ನು ನಿಲ್ಲಿಸಿ, “ಏನ್ ತಂಗಿ, ನಿಮ್ಮ ಕಂಪ್ಯೂಟರು ನನ್ನ ಐವತ್ತನೇ ಪಾರ್ಸಲ್‌ನ ಎರಡೆರಡು ಸಲ ತೋರಿಸ್ತಿದೆಯಂತೆ. ನಾನೇನು ಪಾರ್ಸಲ್ ಹೆರ್ತೀನಾ?” ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಆ ನಗುವನ್ನೇ ಅನುಮಾನಿಸಿದ್ದಳು. ಮೇಲಿನವರ ತಪ್ಪನ್ನು ಕೆಳಗಿನವರು ಇಷ್ಟು ಸಂತೋಷವಾಗಿ ಹೇಳುತ್ತಾರೆಂದರೆ ಅದರಲ್ಲಿ ಏನೋ ಇರಬೇಕು. ಈಗ ಅದೇ ನಗು ಬೇರೆ ಬಣ್ಣದಲ್ಲಿ ಕಂಡಿತು. ಯಾವ ಪಾರ್ಸಲ್ ಎಷ್ಟನೆಯದೆಂದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತಲ್ಲ.

ಕಾಣೆಯಾದ ಮೂರರ ಕ್ರಮಸಂಖ್ಯೆಗಳನ್ನು ತೆಗೆದಳು: ಐವತ್ತೊಂದು, ನೂರೆರಡು, ನೂರ ಐವತ್ತಮೂರು. ಲಾರಿಯ ಬಾಗಿಲು ಮುಚ್ಚಿದ ಕೂಡಲೆ ಅವಳ ತಂಡದ ಪ್ರೋಗ್ರಾಂ ಆ ಲಾರಿಯ ಪಾರ್ಸಲ್‌ಗಳ ಮಾಹಿತಿಯನ್ನು ಗೋದಾಮಿನ ಡೇಟಾಬೇಸಿನಿಂದ ಓದಿ ಆ ತುದಿಯ ಕಚೇರಿಗೆ ಕಳಿಸುತ್ತದೆ. ಅಲ್ಲಿಯ ನೆಟ್‌ವರ್ಕ್ ದುರ್ಬಲವಾದ್ದರಿಂದ ಐವತ್ತೈವತ್ತರ ಕಂತುಗಳಲ್ಲಿ. ಐವತ್ತೊಂದು ಎಂದಾಗ ಅವಳು ಮೊದಲು ತಮ್ಮ ಪ್ರೋಗ್ರಾಮನ್ನೇ ಅನುಮಾನಿಸಿದ್ದಳು, ಅದು ಎರಡನೆಯ ಕಂತಿನ ಮೊದಲನೆಯದು. ಆದರೆ ತಪ್ಪು ಕಂತಿನ ಅಂಚಿನಲ್ಲಿದ್ದರೆ ಮುಂದೆ ನೂರೊಂದು, ನೂರ ಐವತ್ತೊಂದು ಬೀಳಬೇಕು. ಬಿದ್ದದ್ದು ನೂರೆರಡು, ನೂರ ಐವತ್ತಮೂರು. ಯಂತ್ರ ತಪ್ಪಿದರೂ ಒಂದೇ ಥರ ತಪ್ಪುತ್ತದೆ. ಮನುಷ್ಯ ಮಾತ್ರ ಒಂದೊಂದು ಸಲ ಒಂದೊಂದು ಹೆಜ್ಜೆ ಸರಿದು ಕೈ ಹಾಕುತ್ತಾನೆ. ಅವಳು ಕುರ್ಚಿಗೆ ಒರಗಿದಳು. ಹಸಿರಿದೆ ಎಂದದ್ದು ಸುಳ್ಳಾಗಿರಲಿಲ್ಲ.

ಟೆಸ್ಟ್ ಅವಳೇ ಬರೆದದ್ದು. ಸುಳ್ಳು ಪಾರ್ಸಲ್‌ಗಳ ಒಂದು ಲಾರಿ ಸೃಷ್ಟಿಸಿ, ಇತ್ತ ಹೋದದ್ದೆಲ್ಲ ಅತ್ತ ಬಂತೇ ಎಂದು ಪ್ರೋಗ್ರಾಂ ತಾನೇ ನೋಡಿಕೊಳ್ಳುವುದು. ಮತ್ತೆ ಓಡಿಸಿದಳು. ಹಸಿರು. ಇನ್ನೊಮ್ಮೆ. ಹಸಿರು. ಆ ಬಣ್ಣ ಇಷ್ಟು ಬೇಗ ಬರುವುದು ಅವಳಿಗೆ ಹಿಡಿಸಲಿಲ್ಲ, ಕೇಳುವ ಮೊದಲೇ “ನಾನಲ್ಲ” ಎನ್ನುವ ಮಗುವಿನ ಹಾಗೆ. ಆದರೂ ಅದನ್ನು ಬಿಟ್ಟು ಬೇರೆ ಕಡೆ ಹುಡುಕಿದಳು. ಸ್ಕ್ಯಾನರ್ ಕೀಂ ಅಂದೂ ಬರೆದುಕೊಳ್ಳದೆ ಇರಬಹುದೇ? ಇಲ್ಲ, ಡೇಟಾಬೇಸಿನಲ್ಲಿ ನೂರ ಎಂಬತ್ತೂ ಸಾಲು ಕುಳಿತಿದ್ದವು. ನೆಟ್‌ವರ್ಕ್ ನಡುವೆ ಕಡಿದು ಕಂತು ಅರ್ಧವಾಗಿರಬಹುದೇ? ಇಲ್ಲ, ಪ್ರತಿ ಕಂತಿಗೂ ಆ ತುದಿಯಿಂದ ‘ತಲುಪಿತು’ ಎಂಬ ಉತ್ತರ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗಿನಲ್ಲಿತ್ತು. ಕಂತು ಒಂದು, ಐವತ್ತು, ತಲುಪಿತು. ಕಂತು ಎರಡು, ಐವತ್ತು, ತಲುಪಿತು. ಕಂತು ಮೂರು, ಐವತ್ತು, ತಲುಪಿತು. ಕಂತು ನಾಲ್ಕು, ಇಪ್ಪತ್ತೇಳು, ತಲುಪಿತು, ಮುಗಿಯಿತು. ಎಲ್ಲ ಅಚ್ಚುಕಟ್ಟು. ಅವಳು ಆ ಸಾಲುಗಳನ್ನು ದಾಟಿ ಮುಂದೆ ಹೋದಳು.

ಫೋನ್ ಅಲುಗಿತು. ಅಮ್ಮ.

“ಬಾಗಿಲು ಹಾಕ್ಕೊಂಡೆಯಾ?”

“ಆಫೀಸಲ್ಲಿದೀನಮ್ಮ.”

“ಈ ಹೊತ್ತಲ್ಲಾ? ಜೊತೆಗೆ ಯಾರಿದಾರೆ?”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ ಯಾರೋ ಇದಾರೆ ಅಂತ. ಆಫೀಸ್ ಬಾಗಿಲಾದ್ರೂ ಹಾಕಿದೆಯಾ?”

ಬಾಗಿಲು ಹಾಕಿತ್ತು. ಎಷ್ಟು ಚೆನ್ನಾಗಿ ಹಾಕಿತ್ತೆಂದರೆ ಶೌಚಕ್ಕೆ ಹೋಗಬೇಕೆಂದರೂ ಅವಳ ಕಾರ್ಡಿಗೆ ಅದು ತೆರೆಯುತ್ತಿರಲಿಲ್ಲ. ಕೆಲಸ ಖಾಯಂ ಆಗದವರ ಕಾರ್ಡು ಹತ್ತರ ನಂತರ ಸತ್ತುಹೋಗುತ್ತದೆ. ಗಾಜು ಬಡಿದು ಕಾವಲುಗಾರನನ್ನು ಕರೆದಳು. “ಎಲ್ಲಿಗಮ್ಮಾ?” ಎಂದ. “ಅಲ್ಲಿಗೇ,” ಎಂದಳು. ಅವನು ಕಾರಿಡಾರಿನ ಕೊನೆಯವರೆಗೂ ಹಿಂದೆಯೇ ಬಂದು, ಹೊರಗೆ ಗೋಡೆಯ ಕಡೆ ಮುಖ ಮಾಡಿ ನಿಂತ. ಒಳಗೆ ಅವಳು ನಲ್ಲಿಯನ್ನು ಸುಮ್ಮನೆ ತಿರುಗಿಸಿ ಬಿಟ್ಟಳು, ಶಬ್ದ ಕೇಳದಿರಲೆಂದು. ವಾಪಸು ಬರುವಾಗ ಮೆಟ್ಟಿಲ ಕಂಬಿಯ ನಡುವಿನಿಂದ ಕೆಳಗಿನ ಕಾವಲು ಕೋಣೆಯ ಗಾಜು ಕಂಡಿತು. ಉದ್ದಣ್ಣ ಸ್ಟೂಲಿನ ಮೇಲೆ ಕುಳಿತಿದ್ದ. ಅವನ ಬೂಟುಗಳನ್ನು ಬಿಚ್ಚಿಸಿ ಮೇಜಿನ ಮೇಲೆ ಇಟ್ಟಿದ್ದರು, ಅವುಗಳ ನಾಲಗೆ ಎಳೆದು ಹೊರಗೆ ಮಾಡಿ. ಎಡಗಾಲಿನ ಕಾಲುಚೀಲ ತೂತಾಗಿ ಹೆಬ್ಬೆರಳು ಹೊರಬಂದಿತ್ತು. ಅವನು ಅದನ್ನು ಬಲಗಾಲಿನಿಂದ ಮುಚ್ಚಿಕೊಂಡಿದ್ದ. ಪಾರ್ಸಲ್ ಯಾರಾದರೂ ಬೂಟಿನಲ್ಲಿ ಬಚ್ಚಿಡುತ್ತಾರೆಯೇ ಎಂದು ಅವಳಿಗೆ ಅನ್ನಿಸಿತು. ತಕ್ಷಣವೇ, ಹೀಗೆ ಯೋಚಿಸಿದರೆ ಹಸಿರು ಎಂದವಳ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದು ಅಲ್ಲಿಂದ ಕಣ್ಣು ತೆಗೆದಳು. “ಹೂಂ ಅನ್ನೋವರೆಗೂ ಬಿಡಲ್ಲ ಅವರು,” ಎಂದ ಕಾವಲುಗಾರ, ಹವಾಮಾನದ ವಿಷಯ ಹೇಳುವಂತೆ.

ಮೂರರ ಹೊತ್ತಿಗೆ ಎಲ್ಲರ ಫೋನಿಗೂ ಮ್ಯಾನೇಜರರ ಸಂದೇಶ ಬಂತು: ‘ಅವನು ಒಪ್ಪಿಕೊಂಡ. ಮಲಗಿ.’ ಅದರ ಕೆಳಗೆ ತಂಡದ ಹಿರಿಯ, ಎಲ್ಲರೂ ಮೇಷ್ಟ್ರು ಎಂದು ಕರೆಯುವಾತ, ಒಂದು ಹೆಬ್ಬೆರಳಿನ ಚಿತ್ರ ಹಾಕಿದ. ಈ ಹೊತ್ತಿನಲ್ಲಿ ಅವನೇಕೆ ಎದ್ದಿದ್ದಾನೆ? ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಎದೆಯಿಂದ ಏನೋ ಇಳಿದುಹೋಯಿತು, ಅದು ಇಳಿದ ವೇಗಕ್ಕೇ ನಾಚಿಕೆಯಾಯಿತು. ಒಬ್ಬ ಕಳ್ಳನೆಂದು ಒಪ್ಪಿಕೊಂಡದ್ದು ತನಗೆ ಇಷ್ಟು ಹಿತವೆಂದರೆ ತಾನು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಏನನ್ನು? ಚೀಲ ಹೆಗಲಿಗೆ ಹಾಕಿಕೊಂಡಳು, ಬಾಗಿಲ ತನಕ ಹೋದಳು, ಗಾಜು ಬಡಿಯಲು ಕೈ ಎತ್ತಿದಳು. ಇಪ್ಪತ್ತೇಳು. ಆ ಸಂಖ್ಯೆ ಎಲ್ಲಿಂದ ಬಂತೆಂದು ಒಂದು ಕ್ಷಣ ತಿಳಿಯಲಿಲ್ಲ. ಮೂರು ಕಂತಿಗೆ ನೂರ ಐವತ್ತು ಹೋದರೆ ನೂರ ಎಂಬತ್ತರಲ್ಲಿ ಉಳಿಯುವುದು ಮೂವತ್ತು. ಕೊನೆಯ ಕಂತು ಇಪ್ಪತ್ತೇಳು ಎಂದು ಲಾಗು ಬಾಯಿಬಿಟ್ಟು ಹೇಳಿತ್ತು, ಅವಳು ‘ತಲುಪಿತು’ ಎಂಬುದನ್ನು ಮಾತ್ರ ಓದಿದ್ದಳು.

ಅಂದರೆ ಮೂರು ಸಾಲು ಹೊರಡುವ ಮೊದಲೇ ಬಿದ್ದುಹೋಗಿದ್ದವು. ಲಾರಿಯಲ್ಲಲ್ಲ, ದಾರಿಯಲ್ಲಲ್ಲ, ಓದುವಾಗಲೇ. ಚೀಲ ಹೆಗಲಲ್ಲೇ ಇದ್ದಂತೆ ಕುಳಿತು ಟೆಸ್ಟ್ ತೆರೆದಳು. ಅವಳ ಸುಳ್ಳು ಲಾರಿಯಲ್ಲಿ ನಲವತ್ತು ಪಾರ್ಸಲ್ ಇದ್ದವು. ನಲವತ್ತೇ ಏಕೆಂದರೆ ಚೀಟಿ ಅಂಟಿಸುವ ಹಾಳೆಯಲ್ಲಿ ನಲವತ್ತು ಚೀಟಿ ಇರುತ್ತವೆ, ಆ ದಿನ ಮೇಜಿನ ಮೇಲೆ ಒಂದು ಹಾಳೆ ಬಿದ್ದಿತ್ತು. ನಲವತ್ತು ಒಂದೇ ಕಂತಿನಲ್ಲಿ ಮುಗಿಯುತ್ತದೆ. ಎರಡನೆಯ ಕಂತು ಅವಳ ಟೆಸ್ಟಿನಲ್ಲಿ ಎಂದೂ ಹುಟ್ಟಿರಲೇ ಇಲ್ಲ. ನಲವತ್ತನ್ನು ಐವತ್ತು ಮಾಡಿ ಓಡಿಸಿದಳು: ಹಸಿರು. ಐವತ್ತೊಂದು ಮಾಡಿದಳು: ಕೆಂಪು. ಮೊದಲ ಬಾರಿಗೆ ಯಾರೋ ನಿಜ ಹೇಳಿದಂತಾಯಿತು.

ಇನ್ನು ನೂರೊಂದರ ಬದಲು ನೂರೆರಡು ಏಕೆಂಬುದು ಮಾತ್ರ ಉಳಿದಿತ್ತು. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಿಲ್ಲಿಸುತ್ತ, ಪ್ರತಿ ಕಂತಿನ ಮೊದಲ ಮತ್ತು ಕೊನೆಯ ಸಂಖ್ಯೆಯನ್ನು ಪರದೆಗೆ ಬರೆಸುತ್ತ ಹೋದಳು. ಮೊದಲ ಕಂತು ಒಂದರಿಂದ ಐವತ್ತು. ಎರಡನೆಯದು ಐವತ್ತೆರಡರಿಂದ ಶುರುವಾಗಿ, ಐವತ್ತು ತುಂಬಿಸಿಕೊಂಡು, ನೂರೊಂದಕ್ಕೆ ಮುಗಿಯಿತು. ಮೂರನೆಯದು ನೂರಮೂರರಿಂದ ನೂರ ಐವತ್ತೆರಡು. ನಾಲ್ಕನೆಯದು ನೂರ ಐವತ್ತನಾಲ್ಕರಿಂದ. ಹೆಜ್ಜೆ ಸರಿದದ್ದು ಕಳ್ಳನ ಕೈಯಲ್ಲ. ಒಂದು ಬಿಟ್ಟ ಮೇಲೆ ಮುಂದಿನ ಐವತ್ತರ ಎಣಿಕೆ ಅಲ್ಲಿಂದಲೇ ಶುರುವಾಗುತ್ತಿತ್ತು, ಹಾಗಾಗಿ ಐವತ್ತೊಂದರ ಮಗ್ಗಿಯಂತೆ ಒಂದೊಂದೇ ಬೀಳುತ್ತಿತ್ತು. ಯಂತ್ರ ಒಂದೇ ಥರವೇ ತಪ್ಪಿತ್ತು. ಐವತ್ತರೊಳಗಿನ ಸಣ್ಣ ಲಾರಿ ಹೋದ ದಿನ ಏನೂ ಕಳೆಯದಿದ್ದದ್ದೂ ಇದಕ್ಕೇ.

ಬಿಡುತ್ತಿದ್ದವರು ಯಾರು? ಕೆಲಸ ಎರಡು ಫೈಲುಗಳಲ್ಲಿ ಹಂಚಿತ್ತು. ಅವಳ ಫೈಲು ಪ್ರತಿ ಕಂತು ಮುಗಿದ ಮೇಲೆ ಒಂದು ಗುರುತು ಇಟ್ಟುಕೊಳ್ಳುತ್ತದೆ, ಮುಂದೆ ಎಲ್ಲಿಂದ ಎಂದು. ಮೇಷ್ಟ್ರ ಫೈಲು ಆ ಗುರುತನ್ನು ಹಿಡಿದು ಡೇಟಾಬೇಸನ್ನು ಕೇಳುತ್ತದೆ. ಮೊದಲು ಗುರುತು ಐವತ್ತು, ಪ್ರಶ್ನೆ ‘ಐವತ್ತು ಅಥವಾ ಅದಕ್ಕಿಂತ ಹೆಚ್ಚಿನವು’ ಎಂದಿತ್ತು. ಅದಕ್ಕೇ ಐವತ್ತನೆಯದು ಎರಡು ಸಲ ಹೋಗಿ ಉದ್ದಣ್ಣ ನಕ್ಕಿದ್ದ. ಅದನ್ನು ಸರಿಮಾಡು ಎಂದು ಅವಳಿಗೆ ಹೇಳಿದ್ದರು. ಅವಳು ತನ್ನ ಗುರುತಿಗೆ ಒಂದು ಕೂಡಿಸಿದ್ದಳು: ಐವತ್ತೊಂದು. ಅಷ್ಟಕ್ಕೇ ಎಲ್ಲ ಸರಿಯಾಗಿತ್ತು. ಈಗ ಮೇಷ್ಟ್ರ ಫೈಲಿನ ಇತಿಹಾಸ ತೆಗೆದಳು. ಅದೇ ಸಂಜೆ, ಅವಳು ಮನೆಗೆ ಹೋದ ಮೇಲೆ, ಅವನು ‘ಅಥವಾ’ವನ್ನು ಅಳಿಸಿದ್ದ. ಪ್ರಶ್ನೆ ‘ಅದಕ್ಕಿಂತ ಹೆಚ್ಚಿನವು’ ಮಾತ್ರವಾಗಿತ್ತು. ಬದಲಾವಣೆ ಏನೆಂದು ಬರೆಯುವ ಜಾಗದಲ್ಲಿ ಒಂದೇ ಪದ: ‘ಚಿಕ್ಕದು’. ಅವಳದು ಐವತ್ತೊಂದರಿಂದ ಎಂದಿತು, ಅವನದು ಐವತ್ತೊಂದಕ್ಕಿಂತ ಮುಂದಿನದು ಎಂದಿತು. ಒಂದೇ ಫೈಲಾಗಿದ್ದರೆ ಕಂಪ್ಯೂಟರ್ ತಡೆದು ಕೇಳುತ್ತಿತ್ತು, ಬೇರೆ ಬೇರೆ ಫೈಲಾದ್ದರಿಂದ ಯಾವ ಜಗಳವೂ ಏಳಲಿಲ್ಲ.

ಅವಳು ಬೆಳೆದ ಮನೆಯಲ್ಲಿ ಬಾಗಿಲಿಗೆ ಒಮ್ಮೆ ತಿರುಗಿಸಿದರೆ ಬೀಗ ಬೀಳುವ, ಇನ್ನೊಮ್ಮೆ ತಿರುಗಿಸಿದರೆ ತೆರೆಯುವ ಒಂದು ಹಿತ್ತಾಳೆಯ ಗುಂಡಿ ಇತ್ತು. ಅಮ್ಮ ಮಲಗುವ ಮೊದಲು ಅದನ್ನು ತಿರುಗಿಸಿ ಬೀಗ ಹಾಕುತ್ತಿದ್ದಳು. ಅಪ್ಪನಿಗೆ ಅಮ್ಮನ ಕೈಯ ಮೇಲೆ ನಂಬಿಕೆಯಿರಲಿಲ್ಲ, ಕತ್ತಲಲ್ಲಿ ಎದ್ದು ಹೋಗಿ ತಾನೂ ಒಮ್ಮೆ ತಿರುಗಿಸುತ್ತಿದ್ದ. ಒಂದು ಬೆಳಿಗ್ಗೆ ಬಾಗಿಲು ಬೀದಿಗೆ ತೆರೆದುಕೊಂಡು ನಿಂತಿತ್ತು. ಏನೂ ಕಳುವಾಗಿರಲಿಲ್ಲ. ಆದರೂ ಅಮ್ಮ ತಟ್ಟೆ ಪಾತ್ರೆಗಳನ್ನೆಲ್ಲ ಹೊರಗಿಟ್ಟು ನೋಡಿದ್ದಳು, ಕೆಲಸಕ್ಕೆ ಬರುತ್ತಿದ್ದವಳನ್ನು ಆ ವಾರವೇ ಬಿಡಿಸಿದ್ದಳು.

ಮೇಷ್ಟ್ರ ನಂಬರಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಐವತ್ತೊಂದನೆಯದು ಕಚೇರಿಯ ಕಣ್ಣಿಗೆ ಬೀಳುವುದಿಲ್ಲ ಎಂದು ಗೊತ್ತಿದ್ದವನಿಗೆ ಐವತ್ತೊಂದನೆಯದನ್ನು ಎತ್ತಿಕೊಳ್ಳುವುದು ಸುಲಭ. ಯಾರಿಗೆ ಗೊತ್ತಿರಬಹುದು? ‘ಚಿಕ್ಕದು’ ಎಂದು ಬರೆದವನಿಗೆ. ಮೂರು ಗಂಟೆಗೆ ಎಚ್ಚರವಾಗಿ ಹೆಬ್ಬೆರಳು ಎತ್ತಿದವನಿಗೆ. ಅಥವಾ, ಮೇಷ್ಟ್ರು ನಾಳೆ ಇದೇ ರೀತಿ ಯೋಚಿಸಿದರೆ, ಗುರುತಿಗೆ ಒಂದು ಕೂಡಿಸಿದವಳಿಗೆ. ಸಾಲು ಕಳೆದದ್ದು ತಿಳಿದಿತ್ತು. ಪೆಟ್ಟಿಗೆಗಳು ಎಲ್ಲಿ ಎಂಬುದು ತಿಳಿದಿರಲಿಲ್ಲ. ಪೆಟ್ಟಿಗೆ ಸಿಗದಿದ್ದರೆ ಈ ರಾತ್ರಿಯ ಕೆಲಸದಿಂದ ಒಬ್ಬ ಕಳ್ಳನ ಬದಲು ಮೂವರಾಗುತ್ತಾರೆ, ಅಷ್ಟೆ. ಒತ್ತಿದಳು.

“ಏನ್ ಪುಟ್ಟೀ, ಇನ್ನೂ ಅಲ್ಲೇ ಇದೀಯಾ?” ಮೇಷ್ಟ್ರ ಹಿಂದೆ ಕೂಸೊಂದು ಅಳುತ್ತಿತ್ತು, ಅವನು ಎದ್ದಿದ್ದುದಕ್ಕೆ ಕಾರಣ ಅದಿರಬಹುದು.

“ನೀವು ಆ ದಿನ ಅಥವಾನ ಯಾಕೆ ತೆಗೆದ್ರಿ?”

“ನೀನು ಮಾಡಿರ್ತೀಯೋ ಇಲ್ವೋ ಅಂತ.”

“ಮಾಡಿದ್ದೆ. ಕೇಳಬಹುದಿತ್ತಲ್ಲ.”

“ನೀನೂ ನನ್ನ ಫೈಲ್ ನೋಡಬಹುದಿತ್ತಲ್ಲ.” ಆಮೇಲೆ ದನಿ ಇಳಿಸಿ, “ನೋಡು, ಒಂದೇ ಕಡೆ ಸರಿಮಾಡಿ ಸುಮ್ನೆ ಹಾಕಿಬಿಡು. ಅವನು ಹೇಗೂ ಒಪ್ಕೊಂಡಿದಾನೆ. ತಗೊಳ್ಳದೆ ಯಾರಾದ್ರೂ ಒಪ್ಕೋತಾರಾ?”

ಅವಳು ಕರೆ ಮುಗಿಸಿ ಲಾರಿ ತಲುಪಿದ ಕಚೇರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಬಡಿದ ಮೇಲೆ ರಾತ್ರಿ ಪಾಳಿಯ ಗುಮಾಸ್ತ ಎತ್ತಿದ. “ಪಟ್ಟಿಯಲ್ಲಿ ಇರೋದೆಲ್ಲ ಬಂದಿದೆ ಮೇಡಂ. ಎಷ್ಟು ಸಲ ಹೇಳೋದು?”

“ಪಟ್ಟಿಯಲ್ಲಿ ಇಲ್ಲದ್ದು?”

“ಇಲ್ಲದ್ದನ್ನ ನಾನ್ಯಾಕೆ ಎಣಿಸಲಿ?”

“ಅಲ್ಲ, ಸ್ಕ್ಯಾನ್ ಮಾಡಿದಾಗ ಯಾವುದಾದ್ರೂ ಕೆಂಪು ತೋರಿಸಿದ್ರೆ ಅದನ್ನೇನ್ ಮಾಡ್ತೀರಿ?”

“ಮೂಲೇಲಿರೋ ತಂತಿ ಬೋನಿಗೆ ಹಾಕ್ತೀವಿ. ಬೇರೆ ಊರಿಂದು ತಪ್ಪಿ ಬಂದಿರತ್ತೆ. ತಿಂಗಳ ಕೊನೆಗೆ ಯಾರೋ ಬಂದು ನೋಡ್ತಾರೆ.”

“ಈಗ ನೋಡ್ತೀರಾ? ದಯವಿಟ್ಟು.”

“ನನ್ನ ಮೇಲೆ ಏನಾದ್ರೂ ಬರತ್ತಾ ಇದ್ರಿಂದ?”

“ಇಲ್ಲ,” ಎಂದಳು, ಬರುತ್ತದೋ ಇಲ್ಲವೋ ತಿಳಿಯದೆ. ತಂತಿ ಬೋನಿನ ಬಾಗಿಲು ಕಿರುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. ಗುಮಾಸ್ತ ಒಂದೊಂದೇ ಚೀಟಿ ಓದಿದ, ಬರಬರುತ್ತ ದನಿ ಸಣ್ಣದಾಯಿತು. ಐವತ್ತೊಂದು. ನೂರೆರಡು. ಐವತ್ತೊಂದು, ಇನ್ನೊಂದು ದಿನದ್ದು. ನೂರ ಐವತ್ತಮೂರು. ಐವತ್ತೊಂದು. ಎಲ್ಲವೂ ಅಲ್ಲಿದ್ದವು, ಯಾರೂ ಟೇಪು ಬಿಚ್ಚಿರಲಿಲ್ಲ.

ಅವಳು ತಾನು ಕೂಡಿಸಿದ ಒಂದನ್ನು ಅಳಿಸಿದಳು. ಮೇಷ್ಟ್ರದನ್ನು ಹಾಗೇ ಬಿಟ್ಟಳು. ನಡುವೆ ಯಾವುದಾದರೂ ಸಂಖ್ಯೆ ಇಲ್ಲದಿದ್ದರೂ ‘ಕೊನೆಗೆ ಕಂಡದ್ದಕ್ಕಿಂತ ಮುಂದಿನದು’ ಎನ್ನುವ ಪ್ರಶ್ನೆ ಎಡವುವುದಿಲ್ಲ. ಟೆಸ್ಟನ್ನು ಐವತ್ತು, ಐವತ್ತೊಂದು, ನೂರು, ನೂರೊಂದು, ನೂರೆರಡು, ನೂರ ಎಂಬತ್ತಕ್ಕೆ ಓಡಿಸಿದಳು. ಎಲ್ಲ ಹಸಿರು. ಒಂದನ್ನು ಬೇಕೆಂದೇ ಕೆಡಿಸಿ ಕೆಂಪಾಗುವುದನ್ನು ನೋಡಿ, ಆಮೇಲೆ ನಂಬಿದಳು. ಟಿಪ್ಪಣಿಯಲ್ಲಿ ಏನಾಗಿತ್ತೋ ಅದನ್ನೆಲ್ಲ ಬರೆದಳು, ಎರಡೂ ಬದಲಾವಣೆಗಳ ದಿನಾಂಕ ಸಮೇತ, ಯಾರದೆಂಬ ಸಮೇತ. ಮ್ಯಾನೇಜರರಿಗೆ ಕಳಿಸಿದಳು. ಉತ್ತರ ಬಂದದ್ದು ಆರೂವರೆಗೆ: ‘ಅವನನ್ನು ಬಿಡಿಸಿ.’

ಕಾವಲು ಕೋಣೆಯಲ್ಲಿ ಉದ್ದಣ್ಣ ಬೂಟು ಹಾಕಿಕೊಳ್ಳುತ್ತಿದ್ದ. ಲೇಸಿನ ತುದಿ ತೂತಿಗೆ ಹೋಗದೆ ಮತ್ತೆ ಮತ್ತೆ ಜಾರುತ್ತಿತ್ತು.

“ಅಣ್ಣ, ಪಾರ್ಸಲ್ ಎಲ್ಲ ಸಿಕ್ಕಿವೆ,” ಎಂದಳು.

ಅವನು ತಲೆ ಎತ್ತಿದ. “ಯಾರ ಹತ್ರ ಇದ್ವು?”

“ಯಾರ ಹತ್ರಾನೂ ಅಲ್ಲ. ಆ ಕಡೆ ಬೋನಲ್ಲೇ ಬಿದ್ದಿದ್ವು.”

“ಹಂಗಾದ್ರೆ ನಾನು ಒಪ್ಕೊಂಡಿದ್ದು ಏನನ್ನ?” ಅದು ತಮಾಷೆಯೆಂದುಕೊಂಡು ಕಾವಲಿನ ಮುಖ್ಯಸ್ಥ ನಕ್ಕ. ಉದ್ದಣ್ಣ ನಗಲಿಲ್ಲ. “ನಿನ್ನೆ ಕಂಪ್ಯೂಟರ್ ಸರಿಯಿದೆ ಅಂತ ಯಾರೋ ಹೇಳಿದ್ರಂತಲ್ಲ ತಂಗಿ. ಯಾರದು?”

“ಮೇಲಿನವರು,” ಎಂದ ಕಾವಲಿನ ಮುಖ್ಯಸ್ಥ. ಟಿಪ್ಪಣಿಯಲ್ಲಿ ಎಲ್ಲವನ್ನೂ ಬರೆದಿದ್ದಳು, ಇದೊಂದನ್ನು ಬರೆದಿರಲಿಲ್ಲ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಉದ್ದಣ್ಣ ಅವಳ ಮುಖದಿಂದ ಕಣ್ಣು ತೆಗೆದು ಲೇಸಿನ ಕಡೆಗೆ ಬಗ್ಗಿದ್ದ. ಅವನಿಗೆ ಉತ್ತರ ಸಿಕ್ಕಿತ್ತು.

ಆ ರಾತ್ರಿಯ ಲಾರಿಯಲ್ಲಿ ಇನ್ನೂರ ಹತ್ತು ಪಾರ್ಸಲ್ ಹೋದವು, ಇನ್ನೂರ ಹತ್ತು ತಲುಪಿದವು. ಮರುವಾರದಿಂದ ಕೆಳಗಿನ ಬಾಗಿಲಲ್ಲಿ ಒಂದು ಮೇಜು ಬಂತು. ಹೊರಗೆ ಹೋಗುವ ಎಲ್ಲರೂ, ಮೇಲಿನವರೂ ಕೆಳಗಿನವರೂ, ತಮ್ಮ ಚೀಲವನ್ನು ಅದರ ಮೇಲೆ ಬಿಚ್ಚಿ ತೋರಿಸಿ ಹೋಗಬೇಕೆಂದು ಸೂಚನೆ ಅಂಟಿಸಿದರು.